ಕಾಂಪೌಂಡ್ ಕಂಬದ ಮೇಲಿನ ಕೆಂಪು ಗುರುತು

ಮೂರಂತಸ್ತಿನ ಕಟ್ಟಡವೊಂದರ ಕೆಲಸ ಅರ್ಧದಲ್ಲಿದ್ದಾಗ ನನಗೆ ಬೇರೆ ಸೈಟಿಗೆ ವರ್ಗವಾಯಿತು. ನನ್ನ ಜಾಗಕ್ಕೆ ಬಂದ ಹುಡುಗನಿಗೆ ಎರಡು ಪುಟದ ಟಿಪ್ಪಣಿ ಬರೆದುಕೊಟ್ಟೆ. ಲೆವೆಲ್ ಬಗ್ಗೆ, ಅಂದರೆ ಎತ್ತರಗಳನ್ನೆಲ್ಲ ಯಾವ ಗುರುತಿನಿಂದ ಮೀಟರಿನಲ್ಲಿ ಅಳೆಯಬೇಕು ಎಂಬುದರ ಬಗ್ಗೆ, ಅದರಲ್ಲಿದ್ದದ್ದು ಒಂದೇ ಸಾಲು: "ಬೆಂಚ್ ಮಾರ್ಕ್ 100.000, ಕಾಂಪೌಂಡ್ ಕಂಬದ ಮೇಲೆ ಕೆಂಪು ಗುರುತು." ಕೆಲಸ ಶುರುವಾದ ದಿನದ ನೋಟ್‌ಬುಕ್ಕಿನಿಂದ ಹಾಗೇ ಇಳಿಸಿಕೊಂಡಿದ್ದೆ.

ಆದರೆ ನಾನು ಅಲ್ಲಿದ್ದಾಗಲೇ ಪಕ್ಕದಲ್ಲಿ ಚರಂಡಿ ಅಗೆದಾಗ ಆ ಕಂಬ 40 ಮಿ.ಮೀ. ಕುಸಿದಿತ್ತು. ಅದು ಗೊತ್ತಾದ ದಿನದಿಂದ ನಾನು ಟ್ರಾನ್ಸ್‌ಫಾರ್ಮರ್ ಕಟ್ಟೆಯ ಬೋಲ್ಟನ್ನೇ ಆಧಾರ ಮಾಡಿಕೊಂಡಿದ್ದೆ. ಅದರ ಲೆವೆಲ್ 100.320. ಆದರೆ ಅದು ಇದ್ದದ್ದು ನನ್ನ ತಲೆಯಲ್ಲಿ ಮಾತ್ರ. ಕಂಬದ ಮೇಲಿನ ಬಣ್ಣವನ್ನೂ ಅಳಿಸಿರಲಿಲ್ಲ.

ಹುಡುಗ ತಪ್ಪೇನೂ ಮಾಡಲಿಲ್ಲ. ಕಂಬದ ಮೇಲೆ ಸ್ಟಾಫ್ ಎಂಬ ಅಳತೆಗೋಲು ಇಟ್ಟ, ಲೆವೆಲ್ ಉಪಕರಣದಲ್ಲಿ ನೋಡಿದಾಗ 1.410 ಬಂತು. ಉಪಕರಣದ ಎತ್ತರ 101.410 ಎಂದು ಲೆಕ್ಕ ಹಾಕಿದ. ಪ್ಲಿಂತ್ ಬೀಮಿನ ಮೇಲ್ಮಟ್ಟ 100.600 ಆಗಬೇಕು, ಹಾಗಾಗಿ 0.810 ಓದುವಲ್ಲಿಗೆ ಶಟರಿಂಗ್ ಕಟ್ಟಿಸಿದ. ನಿಜವಾದ ಎತ್ತರ 101.370 ಆಗಿದ್ದರಿಂದ ಶಟರಿಂಗ್ 100.560ಕ್ಕೆ ಬಂದು ನಿಂತಿತು. ಕಾಂಕ್ರೀಟ್ ಹಾಕುವ ಹಿಂದಿನ ಸಂಜೆ ಮೇಸ್ತ್ರಿ ನೀರಿನ ಪೈಪು ಹಿಡಿದು, ನನ್ನ ಕಾಲದಲ್ಲಿ ಹಾಕಿದ್ದ ಬೀಮಿಗೂ ಇದಕ್ಕೂ ತಾಳೆ ನೋಡಿದ. "ಸಾರ್, ಈ ಕಡೆ ಮೂರು ಬೆರಳು ಕೆಳಗಿದೆ" ಅಂದ. ಮೂರು ಅಂಕಣದ ಶಟರಿಂಗ್ ಬಿಚ್ಚಿ ಕಟ್ಟಬೇಕಾಯಿತು. ಪೈಪು ಹಿಡಿಯದಿದ್ದರೆ ಮರುದಿನ ಒಡೆಯುವ ಕೆಲಸವೇ ಆಗುತ್ತಿತ್ತು.

ಈಗ ಯಾವ ಸೈಟ್ ಒಪ್ಪಿಸಿದರೂ ಲೆವೆಲ್‌ಗೆ ಒಂದು ಪೂರ್ತಿ ಪ್ಯಾರಾ ಇಡುತ್ತೇನೆ. ಎರಡು ಗುರುತು, ಅವೆರಡರ ನಡುವಿನ ವ್ಯತ್ಯಾಸ, ಕೊನೆಯ ಸಲ ತಾಳೆ ನೋಡಿದ ತಾರೀಖು. ಆ ವ್ಯತ್ಯಾಸವೇ ಮುಖ್ಯ. ಹುಡುಗ ಒಂದೇ ಕಡೆ ನಿಂತು ಬೋಲ್ಟಿನ ಮೇಲೂ ಸ್ಟಾಫ್ ಹಿಡಿಸಿದ್ದರೆ 1.050 ಬರುತ್ತಿತ್ತು. 0.320 ಇರಬೇಕಾದ ವ್ಯತ್ಯಾಸ 0.360 ಎಂದು ಕಂಡ ಕೂಡಲೇ ಯಾವುದೋ ಒಂದು ಗುರುತು ಅಲುಗಾಡಿದೆ ಎಂದು ತಿಳಿಯುತ್ತಿತ್ತು. ಬಳಸಬಾರದ ಗುರುತು ಇದ್ದರೆ ಅದನ್ನೂ ಬರೆಯುತ್ತೇನೆ, ಹೋಗುವ ಮೊದಲು ಕೆರೆದು ಅಳಿಸುತ್ತೇನೆ.

ಡ್ರಾಯಿಂಗಿಗೂ ಇದೇ ಕ್ರಮ. "ಫೈಲಿನಲ್ಲಿದೆ" ಅಂದರೆ ಸಾಲದು. ಎಷ್ಟನೇ ತಿದ್ದುಪಡಿಯ ಹಾಳೆ ಎಂದು ಬರೆದು, ಹಳೆಯ ಹಾಳೆಗಳಿಗೆ ಅಡ್ಡಗೆರೆ ಎಳೆದು ಕೊಡುತ್ತೇನೆ.

ಇನ್ನೊಂದು ಮರೆತುಹೋಗುವುದು, ಕಾಂಕ್ರೀಟಿನ ಬಲ ಪರೀಕ್ಷಿಸಲು ಎರಕ ಹೊಯ್ದು ತೊಟ್ಟಿಯ ನೀರಿನಲ್ಲಿಟ್ಟ ಕ್ಯೂಬುಗಳು. ಜೂನ್ 10ರಂದು ಹಾಕಿದ ಕಾಂಕ್ರೀಟಿನ ಕ್ಯೂಬುಗಳು 28 ದಿನಕ್ಕೆ, ಅಂದರೆ ಜುಲೈ 8ಕ್ಕೆ, ಲ್ಯಾಬಿಗೆ ಹೋಗಬೇಕು. ನಾನು ಅಲ್ಲಿಂದ ಹೊರಟದ್ದು ಜೂನ್ ಕೊನೆಗೆ. ಹಾಗಾಗಿ ಯಾವ ಕ್ಯೂಬ್ ಯಾವ ಕಾಲಮಿನದು, ಯಾವ ತಾರೀಖಿಗೆ ತೆಗೆಯಬೇಕು ಎಂಬುದು ಈಗ ಟಿಪ್ಪಣಿಯ ಮೊದಲ ಪುಟದಲ್ಲೇ ಇರುತ್ತದೆ.