ಹಗಲೆಲ್ಲ ಮೌನವ್ರತ ಹಿಡಿದಿದ್ದ ಫೋನು

ಚಿಕ್ಕಮ್ಮನ ಫೋನು ರಿಂಗ್ ಆಗುತ್ತಿರಲಿಲ್ಲ. ವಾಲ್ಯೂಮ್ ಪೂರ್ತಿ ಏರಿಸಿದ್ದರು, ಆಫ್ ಮಾಡಿ ಆನ್ ಮಾಡಿಯೂ ನೋಡಿದ್ದರು. "ಒಂದೊಂದು ಸಲ ಆಗತ್ತೆ ಕಣೋ, ಅದಕ್ಕೇ ತಲೆ ಕೆಡ್ತಿದೆ" ಅಂದರು. ಬಾಯಲ್ಲಿ ಹೇಳಿ ಮುಗಿಯುವ ಮಾತಲ್ಲ ಅನಿಸಿ, ವಾಟ್ಸಾಪ್ ವಿಡಿಯೊ ಕಾಲ್‌ನಲ್ಲೇ ಸ್ಕ್ರೀನ್ ಶೇರ್ ಮಾಡಿ ಅಂದೆ.

ಮೊದಲ ಮುಗ್ಗರಿಕೆ ಅಲ್ಲೇ. ಹೊಸ ಆಂಡ್ರಾಯ್ಡ್‌ನಲ್ಲಿ ಒಂದೇ ಆ್ಯಪ್ ತೋರಿಸಬೇಕೋ ಇಡೀ ಸ್ಕ್ರೀನೋ ಎಂದು ಕೇಳುತ್ತದೆ. ಅವರು ಒಂದೇ ಆ್ಯಪ್ ಆರಿಸಿದ್ದರಿಂದ, ಸೆಟ್ಟಿಂಗ್ಸ್‌ಗೆ ಹೋದ ಕೂಡಲೇ ನನಗೆ ಏನೂ ಕಾಣದಾಯಿತು. ನಿಲ್ಲಿಸಿ, ಮತ್ತೆ ಶುರು ಮಾಡಿ, 'Entire screen' ಒತ್ತಿಸಿದೆ. ಅದಕ್ಕೂ ಮೊದಲು ಬ್ಯಾಂಕಿನ ಆ್ಯಪ್ ತೆರೆಯಬೇಡಿ, ಒಟಿಪಿ ಬರುವ ಕೆಲಸವೂ ಈಗ ಬೇಡ ಅಂದಿದ್ದೆ. ಇಡೀ ಸ್ಕ್ರೀನ್ ಅಂದಮೇಲೆ ಮೇಲಿಂದ ಇಳಿಯುವ ಮೆಸೇಜೂ ಎದುರಿನವರಿಗೆ ಕಾಣಬಹುದು. ನಾನಾದರೆ ಸರಿ, ಗುರುತಿಲ್ಲದವರು ಫೋನ್ ಮಾಡಿ ಇದನ್ನೇ ಕೇಳಿದರೆ ಕಾಲ್ ಕತ್ತರಿಸಿಬಿಡಿ ಅಂತಲೂ ಹೇಳಿದೆ.

ಈ ವಿಧಾನದಲ್ಲಿ ನಾನು ನೋಡಬಹುದೇ ಹೊರತು ಒತ್ತುವಂತಿಲ್ಲ. ಅವರ ಬೆರಳೂ ನನಗೆ ಕಾಣುವುದಿಲ್ಲ. ಚಿತ್ರ ಬೇರೆ ತುಸು ತಡವಾಗಿ ಬರುತ್ತದೆ. ನಾನು "ಹಾಂ, ಅದೇ" ಅನ್ನುವಷ್ಟರಲ್ಲಿ ಅವರು ಮುಂದಿನ ಪುಟದಲ್ಲಿರುತ್ತಿದ್ದರು. ಕೊನೆಗೆ, ಒತ್ತುವ ಮೊದಲು ಅಲ್ಲಿ ಬರೆದಿರುವುದನ್ನು ಜೋರಾಗಿ ಓದಿ ಅಂದೆ. ಆಮೇಲೆ ಗಾಡಿ ಹಳಿಗೆ ಬಂತು.

ಸ್ಕ್ರೀನಿನ ನೆತ್ತಿಯ ಮೇಲೆ, ಬ್ಯಾಟರಿ ಚಿಹ್ನೆಯ ಪಕ್ಕ, ವೃತ್ತದೊಳಗೊಂದು ಅಡ್ಡಗೆರೆ ಕಂಡಿತು. ಅದು ಫೋನಿನ ಸದ್ದಡಗಿಸುವ 'Do Not Disturb' ಗುರುತು. ಸೆಟ್ಟಿಂಗ್ಸ್‌ನ ಮೆನು ಒಂದೊಂದು ಫೋನಿನಲ್ಲಿ ಒಂದೊಂದು ಕಡೆ ಇರುವುದರಿಂದ ಹುಡುಕುತ್ತ ಕೂರಲಿಲ್ಲ. ಮೇಲಿನ ಸರ್ಚ್‌ನಲ್ಲಿ ಅದೇ ಹೆಸರು ಟೈಪ್ ಮಾಡಿಸಿದೆ. ಒಳಗೆ ನಿದ್ದೆಯ ವೇಳಾಪಟ್ಟಿ ಇತ್ತು. ಚಿಕ್ಕಮ್ಮ ಓದಿದರು: "ಶುರು 10 ಪಿಎಂ, ಮುಗಿಯೋದು 7 ಪಿಎಂ."

"ಇನ್ನೊಂದ್ಸಲ ಓದಿ."

"ಅಯ್ಯೋ, ಸಂಜೆ ಏಳಾ?"

ಬೆಳಗ್ಗೆ ಏಳರ ಬದಲು ಸಂಜೆ ಏಳು ಬಿದ್ದಿತ್ತು. ಫೋನು ದಿನಕ್ಕೆ ಬರೀ 3 ಗಂಟೆ ಎಚ್ಚರವಾಗಿರುತ್ತಿತ್ತು. ಹಾಗಾದರೆ ಹಗಲಲ್ಲೂ ಅಪರೂಪಕ್ಕೆ ರಿಂಗ್ ಆಗಿದ್ದು ಹೇಗೆ? ಕಾಲ್‌ಗಳ ವಿಭಾಗದಲ್ಲಿ 'Repeat callers' ಆನ್ ಇತ್ತು. ಅದು ಆನ್ ಇದ್ದರೆ, ಒಬ್ಬರೇ 15 ನಿಮಿಷದೊಳಗೆ ಎರಡನೇ ಸಲ ಮಾಡಿದ ಕಾಲನ್ನು ಫೋನು ಒಳಗೆ ಬಿಡುತ್ತದೆ. ಹಟ ಬಿಡದೆ ಮತ್ತೆ ಮತ್ತೆ ಮಾಡುವ ಅವರ ತಂಗಿಯ ಕಾಲ್ ಮಾತ್ರ ಕೇಳಿಸುತ್ತಿದ್ದ ಗುಟ್ಟು ಅದು. ಆ ಆಯ್ಕೆಯನ್ನು ಹಾಗೇ ಬಿಡಿಸಿದೆ, ತುರ್ತಿಗೆ ಬೇಕಾಗುತ್ತದೆ.

ಸಮಯ ಸರಿಪಡಿಸಿದ ತಕ್ಷಣ ಅಡ್ಡಗೆರೆ ಮಾಯವಾಯಿತು. ವಿಡಿಯೊ ಕಾಲ್ ನಡೆಯುತ್ತಿರುವಾಗ ರಿಂಗ್ ಪರೀಕ್ಷಿಸಿದರೆ ಬೀಪ್ ಅಷ್ಟೇ ಕೇಳಬಹುದು. ಅದಕ್ಕೆ ಶೇರಿಂಗ್ ನಿಲ್ಲಿಸಿ, ಕಾಲ್ ಇಟ್ಟು, ಮಾಮೂಲಿ ಕಾಲ್ ಒಂದೇ ಸಲ ಮಾಡಿದೆ. ಎರಡು ಸಲ ಮಾಡಿದ್ದರೆ ಪರೀಕ್ಷೆಯೇ ಸುಳ್ಳಾಗುತ್ತಿತ್ತಲ್ಲ! ಚಿಕ್ಕಮ್ಮ ಎತ್ತಿದವರೇ, "ಬಂತು, ಬಂತು. ಸ್ವಲ್ಪ ಜೋರಾಯ್ತು, ಕಡಿಮೆ ಮಾಡೋದು ಹೇಗೋ?" ಅಂದರು.