ಮಗ ತಿಂದಾನಂತ ತಿಳಿದಿದ್ವಿ, ತಿಂದಿದ್ದು ಬ್ಯಾಂಕು

ನಮ್ಮ ಚಿಗವ್ವನ ಮನ್ಯಾಗ ಭಾಳ ದಿನದಿಂದ ನಡೆದಿದ್ದ ಒಂದು ಜಗಳ ಈ ವಾರ ಮುಗೀತು, ಆದ್ರ ನನ್ನ ತಲಿ ಇನ್ನೂ ಬಿಸಿನೇ ಅದ. ಗೃಹಲಕ್ಷ್ಮಿ ರೊಕ್ಕ 2,000 ಬರ್ತದ ಅಂತ ಓಣಿಗೆಲ್ಲ ಗೊತ್ತು. ಅಕಿ ಮಗ ಕಾರ್ಡ್ ತಗೊಂಡು ಎಟಿಎಂಗಿ ಹೋಗಿ ತಂದು ಕೊಡೋದು 1,600, ಒಮ್ಮೆ ಅಂತೂ 1,400ಕ್ಕ ಬಂತು. ಉಳಿದಿದ್ದೆಲ್ಲಿ ಅಂತ ಅಕಿ ಕೇಳೋದು, ಅಷ್ಟೇ ಇತ್ತಬೇ ಅಂತ ಅಂವ ಹೇಳೋದು. ಹುಡುಗ ಹತ್ತೊಂಬತ್ತು ವರ್ಷದಂವ, ಗುಟ್ಕಾ ತಿಂತಾನ ಖರೇ, ಅದಕ್ಕ ಯಾರೂ ಅವನ ಮಾತು ನಂಬಲಿಲ್ಲ. ತಾಯಿ ಮಗ ಮಾತು ಬಿಟ್ರು. ಕಡೀಕ ಅವನೇ ನನ್ನ ಹಂತ್ಯಾಕ ಬಂದು, ಅಣ್ಣಾ ನೀನೇ ಬಂದು ಬ್ಯಾಂಕಿನ್ಯಾಗ ಕೇಳು ಅಂತ ಕಣ್ಣಾಗ ನೀರು ತಂದ.

ಚಿಗವ್ವ ಮೊದಲು ಕಪನೂರ ಕಡಿ ಒಂದು ದಾಲ್ ಮಿಲ್ಲಿನ್ಯಾಗ ಬ್ಯಾಳಿ ಆರಿಸೋ ಕೆಲಸ ಮಾಡ್ತಿದ್ಲು. ಮಿಲ್ಲಿನವ್ರೇ ಒಂದು ಖಾಸಗಿ ಬ್ಯಾಂಕಿನವ್ರನ್ನ ಕರೆಸಿ ಹೆಣ್ಮಕ್ಕಳಿಗೆಲ್ಲ ಸಂಬಳದ ಖಾತೆ ಮಾಡಿಸಿದ್ರು, ಒಂದು ರೂಪಾಯಿ ಇಡೋದು ಬ್ಯಾಡ ಅಂದಿದ್ರು. ಆಧಾರೂ ಅದಕ್ಕೇ ಜೋಡಿಸಿದ್ರು, ಹಂಗಾಗಿ ಸರ್ಕಾರದ ರೊಕ್ಕನೂ ಅಲ್ಲೇ ಬೀಳ್ಲಾಕ ಶುರುವಾಯ್ತು. ಆಮ್ಯಾಲ ಮಿಲ್ಲಿನ ಕೆಲಸ ನಿಂತ್ತು. ಸಂಬಳ ಬರೋದು ಮೂರು ತಿಂಗಳು ನಿಂತ್ರ ಆ ಖಾತೆ ತಾನಾಗೇ ಸಾದಾ ಉಳಿತಾಯ ಖಾತೆ ಆಗ್ತದ ಅನ್ನೋದು ಅಕಿಗಿ ಯಾರೂ ಹೇಳಲಿಲ್ಲ. ಸಾದಾ ಖಾತೆ ಆದ ದಿನದಿಂದ ಆ ಬ್ಯಾಂಕಿನ್ಯಾಗ ತಿಂಗಳಿಗಿ ಸರಾಸರಿ 5,000 ಇರಬೇಕು.

ಸ್ಟೇಟ್ಮೆಂಟ್ ತೆಗೆಸಿ ಕೌಂಟರ್ ಮುಂದೇ ನಿಂತು ನೋಡಿದ್ವಿ. ಈ 'ಸರಾಸರಿ' ಹೆಂಗ ಲೆಕ್ಕ ಹಾಕ್ತಾರ ಅಂದ್ರ, ದಿನಾ ರಾತ್ರಿ ಖಾತ್ಯಾಗ ಎಷ್ಟು ಉಳಿದದ ಅಂತ ಬರಕೊಂಡು, ಎಲ್ಲ ಕೂಡಿಸಿ, ತಿಂಗಳಿನ ದಿನಗಳಿಂದ ಭಾಗಿಸ್ತಾರ. ಚಿಗವ್ವನ ಖಾತಿ ಖಾಲಿ ಇತ್ತು, 2,000 ಬಂತು, ಒಂದು ರಾತ್ರಿ ಇತ್ತು, ಮರುದಿನ ಹುಡುಗ ಪೂರಾ ತೆಗೆದ. 30 ದಿನಕ್ಕ ಭಾಗಿಸಿದ್ರ ಆ ತಿಂಗಳ ಸರಾಸರಿ 66 ರೂಪಾಯಿ 67 ಪೈಸಾ. 5,000ಕ್ಕ ಕಮ್ಮಿ ಬಿದ್ದಿದ್ದು 4,933 ಚಿಲ್ಲರ. ಅದರ ಮ್ಯಾಲ ನೂರಕ್ಕ 6ರಂತೆ ದಂಡ 296, ದಂಡದ ಮ್ಯಾಲ 18 ಪರ್ಸೆಂಟ್ ಜಿಎಸ್‌ಟಿ 53.28, ಒಟ್ಟು 349.28. ಖಾತ್ಯಾಗ ರೊಕ್ಕಿಲ್ಲ, ಅದಕ್ಕ ಆ ತಿಂಗಳು ತಗೋಲಿಲ್ಲ, ಬಾಕಿ ಅಂತ ಬರದಿಟ್ಟು ಮುಂದಿನ 2,000 ಬಿದ್ದ ದಿನಾನೇ ಕತ್ತರಿಸ್ಯಾರ. ಉಳಿದಿದ್ದು 1,650, ಮಷೀನು ಐವತ್ತು ಕೊಡಲ್ಲ, ಹುಡುಗ 1,600 ತಂದ. ಅದರ ಮುಂದಿನ ಸಲ ಮತ್ತ ಹತ್ತತ್ರ 348 ದಂಡ, ಕಾರ್ಡಿನ ವರ್ಷದ ಫೀ 200ಕ್ಕ ಜಿಎಸ್‌ಟಿ ಸೇರಿ 236, ಮೂರು ತಿಂಗಳ ಎಸ್ಸೆಮ್ಮೆಸ್ಸಿನ ಚಾರ್ಜ್ 17.70. ಅದೇ ಆ 1,400ರ ತಿಂಗಳು. ಒಂದೊಂದು ಲೈನೂ ಹುಡುಗ ಹೇಳಿದ್ದಕ್ಕ ತಾಳೆ ಆಯ್ತು. ಅಂವ ಪಕ್ಕದಾಗ ನಿಂತಿದ್ದ, ಏನೂ ಮಾತಾಡಲಿಲ್ಲ.

ನನಗ ಭಾಳ ಸಿಟ್ಟು ಬಂದಿದ್ದು ಈ ಸರಾಸರಿ ಲೆಕ್ಕದ ಮ್ಯಾಲ. ತೊಗರಿ ಮಾರಿದಂವ ಯಾರೋ 50,000 ತಂದು ಬರೇ ಮೂರು ರಾತ್ರಿ ಇಟ್ಟು ತಕ್ಕೊಂಡು ಹೋದ್ರೂ ಅವನ ಸರಾಸರಿ 5,000 ಆಗಿ ಹೋಗ್ತದ, ಉಳಿದ 27 ದಿನ ಖಾಲಿ ಇದ್ರೂ ದಂಡಿಲ್ಲ. 2,000 ಬಂದದ್ದೇ ರೇಷನ್ನಿಗಿ ಗುಳಗಿಗಿ ಒಯ್ಯೋ ಹೆಣ್ಮಗಳಿಗಿ ಪ್ರತಿ ತಿಂಗಳು ದಂಡ. ಇದ್ದವನಿಗಿ ದಾರಿ ಅದ, ಇಲ್ಲದವಳಿಗಿ ಇಲ್ಲ.

ಕೌಂಟರಿನ್ಯಾಗಿನ ಹುಡುಗ ಕೆಟ್ಟಂವ ಅಂತ ಹೇಳಲ್ಲ, ಗದ್ದಲದಾಗೂ ಸ್ಟೇಟ್ಮೆಂಟ್ ತಗದು ಕೊಟ್ಟ. ಆದ್ರ ಅಂವ ಅಂದ ಒಂದು ಮಾತು ನನಗ ಮರೀಲಾಕ ಆಗವಲ್ದು. "ದಂಡ ಬೀಳ್ತದ ಅಂತ ಎಸ್ಸೆಮ್ಮೆಸ್ ಕಳಿಸೀವಲ್ರೀ ನಾವು" ಅಂದ.

ಚಿಗವ್ವ ಸಾವಕಾಶ ಕೇಳಿದ್ಲು, "ಯಾರಿಗಿ ಕಳಿಸೀರಿ ಯಪ್ಪಾ?"

ಅಂವ ಸ್ಕ್ರೀನ್ ನೋಡಿ ನಂಬರ್ ಓದಿದ. ಅದು ಅಕಿ ಹಳೇ ಸಿಮ್ಮಿನ ನಂಬರ್, ರೀಚಾರ್ಜ್ ಇಲ್ದೇ ಬಂದ್ ಆಗಿ ವರ್ಷ ದಾಟ್ಯದ. ಸತ್ತ ನಂಬರಿಗಿ ಮೆಸೇಜ್ ಕಳಿಸಿ, ಆ ಮೆಸೇಜಿಗೂ ರೊಕ್ಕ ಹಚ್ಚಿ, ಈಗ ನಿನಗ ಹೇಳಿದ್ವಿ ಅಂತಾರ. ಯಾರಿಗಿ ಕಳಿಸೀರಿ ಯಪ್ಪಾ. ಅಕಿ ಬೈಯಲಿಲ್ಲ, ದನಿ ಏರಿಸಲಿಲ್ಲ, ಖರೇನೇ ತಿಳ್ಕೋಬೇಕಂತ ಕೇಳಿದ್ಲು, ಆ ಹುಡುಗನ ಹಂತ್ಯಾಕ ಉತ್ತರ ಇರಲಿಲ್ಲ. ರಾತ್ರಿ ಮಲಗಿದಾಗೂ ಅದೇ ಮಾತು ಕಿವ್ಯಾಗ ಬರ್ತದ.

ಮನಿಗಿ ಬಂದು ರಿಸರ್ವ್ ಬ್ಯಾಂಕಿನ ನಿಯಮ ತೆಗೆದು ಓದಿದೆ. 2014ರ ನವೆಂಬರ್‌ದಾಗ ಹೊರಡಿಸಿದ ಸುತ್ತೋಲಿ ಅದ, 2015ರ ಏಪ್ರಿಲ್‌ದಿಂದ ಜಾರಿ. ಬ್ಯಾಲೆನ್ಸ್ ಕಮ್ಮಿ ಆಗ್ಯದ, ಒಂದು ತಿಂಗಳದಾಗ ಸರಿ ಮಾಡದಿದ್ರ ದಂಡ ಬೀಳ್ತದ ಅಂತ ಮೊದಲು ತಿಳಿಸಬೇಕು. ಎಷ್ಟು ಕಮ್ಮಿ ಬಿದ್ದದೋ ಅದಕ್ಕ ತಕ್ಕಂಗ ದಂಡ ಇರಬೇಕು. ದಂಡದಿಂದಲೇ ಖಾತಿ ಮೈನಸ್ಸಿಗಿ ಹೋಗಬಾರದು. ನಮ್ಮ ಬ್ಯಾಂಕು ಮೈನಸ್ ಮಾಡಿಲ್ಲ, ಬಾಕಿ ಬರದಿಟ್ಟು ಬಂದ ರೊಕ್ಕದಾಗ ಹಿಡ್ಕೊಂಡದ. ಬಡವರ ಮಟ್ಟಿಗಿ ಎರಡಕ್ಕೂ ಏನ್ ಫರಕ್ ಅದ ಹೇಳ್ರಿ. ಎಸ್ಸೆಮ್ಮೆಸ್ಸಿಗೂ ಎಷ್ಟು ಕಳಿಸಿರ್ತಾರೋ ಅಷ್ಟಕ್ಕೇ ಚಾರ್ಜ್ ಹಚ್ಚಬೇಕಂತ 2013ರಾಗೇ ಹೇಳ್ಯಾರ. ಇಲ್ಲಿ ನೋಡಿದ್ರ ಮೂರು ತಿಂಗಳಿಗೊಮ್ಮೆ ಅದೇ 15 ಮತ್ತ ಜಿಎಸ್‌ಟಿ, ಒಂದು ಪೈಸಾ ಹೆಚ್ಚಿಲ್ಲ ಕಮ್ಮಿಲ್ಲ.

ಮರುದಿನ ಮತ್ತ ಹೋದ್ವಿ, ಈ ಸಲ ಸೀದಾ ಮ್ಯಾನೇಜರ್ ಮೇಡಂ ಹತ್ರ. ಬೇಸಿಕ್ ಉಳಿತಾಯ ಖಾತೆ ಅಂತ ಒಂದದ, ಎಲ್ಲಾ ಬ್ಯಾಂಕಿನವ್ರೂ ಕೊಡಲೇಬೇಕು. ಅದಕ್ಕ ಮಿನಿಮಮ್ ಬ್ಯಾಲೆನ್ಸ್ ಇಲ್ಲ, ಎಟಿಎಂ ಕಾರ್ಡಿಗಿ ವರ್ಷದ ಫೀ ಇಲ್ಲ, ತಿಂಗಳಿಗಿ ನಾಕು ಸಲ ಬಿಟ್ಟಿ ರೊಕ್ಕ ತೆಗೀಬಹುದು. ಇದ್ದ ಖಾತಿನೇ ಅದಕ್ಕ ಬದಲಿ ಮಾಡ್ಸಬಹುದು, ಅದೇ ಬ್ಯಾಂಕಿನ್ಯಾಗ ಇನ್ನೊಂದು ಉಳಿತಾಯ ಖಾತಿ ಇರಬಾರದು ಅಷ್ಟೇ. ಕೌಂಟರಿನವ್ರು ಇದು ಇದ್ದದ್ದೇ ಹೇಳಲ್ಲ, ಕೇಳಿದ್ರೂ ಹೊಸ ಖಾತಿಗಿ ಮಾತ್ರ ಅಂತಾರ. ಮೇಡಂ ಅರ್ಜಿ ಓದಿ, "ಆಗ್ತದ, ಬರದು ಕೊಡ್ರಿ" ಅಂದ್ರು. ಸೀಟಿನಿಂದ ಎದ್ದು ಬಂದು ಚಿಗವ್ವಗ ಕುರ್ಚಿ ಕೊಟ್ರು, ನನಗ ಅದು ಹಿಡಿಸ್ತು.

ಖಾತಿ ಬದಲಿ ಮಾಡ್ಲಾಕ ಒಂದು ಅರ್ಜಿ, ಹೊಸ ಮೊಬೈಲ್ ನಂಬರಿಗಿ ಒಂದು, ಮುಟ್ಟದ ನೋಟಿಸಿನ ಮ್ಯಾಲ ಕತ್ತರಿಸಿದ ದಂಡ ವಾಪಸ್ ಕೊಡ್ರಿ ಅಂತ ಒಂದು, ಮೂರೂ ಕೊಟ್ಟು ನಮ್ಮ ಕಾಪಿ ಮ್ಯಾಲ ತಾರೀಖು ಹಾಕಿ ಸಿಕ್ಕಾ ಹೊಡಿಸ್ಕೊಂಡ್ವಿ. ಬಾಯಿಲೇ ಹೇಳಿ ಬಂದ್ರ ನಾಳಿಗಿ ಯಾರೂ ನೆನಪಿಡಲ್ಲ. 30 ದಿನದಾಗ ಜವಾಬು ಬರದಿದ್ರ, ಇಲ್ಲಾ ಬಂದ ಜವಾಬು ಸರಿ ಕಾಣದಿದ್ರ, cms.rbi.org.in ದಾಗ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗಿ ದೂರು ಹಾಕ್ತೀನಿ. ಅಲ್ಲಿ ಫೀ ಇಲ್ಲ, ಆದ್ರ ಮೊದಲು ಬ್ಯಾಂಕಿಗಿ ಬರದು ಕೊಟ್ಟಿದ್ದು ತೋರಿಸಬೇಕು, ಅದಕ್ಕೇ ಆ ಸಿಕ್ಕಾ ಬೇಕಾಗಿದ್ದು.

ದಂಡದ ರೊಕ್ಕ ವಾಪಸ್ ಬಂದ್ರೂ ಬರಬಹುದು, ಹುಡುಗ ಕಳ್ಳ ಅನ್ನಿಸ್ಕೊಂಡು ಕಳೆದ ಅಷ್ಟು ತಿಂಗಳಿಗಿ ಯಾವ ಅರ್ಜಿ ಬರೀಬೇಕೋ ನನಗಂತೂ ಗೊತ್ತಿಲ್ಲ.