ಪ್ಲಾಸ್ಟರ್ ಆದ ಮೇಲೆ ಹನ್ನೊಂದು ಪಾಯಿಂಟ್

“ಮನೆ ಕಟ್ಟಿಕೊಡುವಾಗ ಓನರ್ ಮಧ್ಯದಲ್ಲಿ ಕೆಲಸ ಸೇರಿಸ್ತಾರೆ. ‘ಅಗ್ರಿಮೆಂಟಲ್ಲಿ ಇಲ್ಲ ಸರ್’ ಅಂದ್ರೆ ಜಗಳಕ್ಕೆ ನಿಂತಂಗಿರುತ್ತೆ, ಸುಮ್ಮನಿದ್ರೆ ಕೈಯಿಂದ ಹೋಗುತ್ತೆ. ನೀವು ಹೇಗೆ ಹೇಳ್ತೀರಿ?”

ಕೇಳಿದ ದಿನವೇ ಹೇಳುತ್ತೇನೆ. ಎಷ್ಟು ದುಡ್ಡು, ಎಷ್ಟು ದಿನ ಎಂದು ಬರೆದು ಕಳಿಸುತ್ತೇನೆ. ಅವರು ‘ಆಯ್ತು’ ಅನ್ನುವ ತನಕ ನಮ್ಮ ಹುಡುಗರು ಆ ಗೋಡೆ ಮುಟ್ಟುವುದಿಲ್ಲ.

ಮೈಸೂರಿನಲ್ಲಿ ಕಟ್ಟಿದ ಒಂದು ಮನೆಯ ವಿಷಯ ಹೇಳುತ್ತೇನೆ. ಚದರಕ್ಕೆ ಇಷ್ಟು ಎಂದು ಒಪ್ಪಂದ. ಲೈಟು, ಫ್ಯಾನು, ಪ್ಲಗ್ಗು ಎಲ್ಲ ಸೇರಿ 62 ಪಾಯಿಂಟ್ ಎಂದು ಅಗ್ರಿಮೆಂಟಿನಲ್ಲಿ ಬರೆದಿತ್ತು. ಒಳಗಿನ ಪ್ಲಾಸ್ಟರ್ ಮುಗಿದು ಗೋಡೆ ಒಣಗುತ್ತಿದ್ದಾಗ ಯಜಮಾನರ ಮನೆಯವರು ಬಂದು ಕೋಣೆ ಕೋಣೆ ಸುತ್ತಿದರು. ಅಡುಗೆಮನೆಯಲ್ಲಿ ಮಿಕ್ಸಿ, ಓವನ್, ಫಿಲ್ಟರ್‌ಗೆ ಬೇರೆ ಬೇರೆ ಪ್ಲಗ್ ಬೇಕು, ಮಂಚದ ಎರಡೂ ಬದಿಗೆ ಸ್ವಿಚ್ ಬೇಕು ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಎಣಿಸಿದರೆ ಹನ್ನೊಂದು. ಎಲ್ಲವೂ ನ್ಯಾಯವಾದ ಬೇಡಿಕೆಯೇ. ನಕ್ಷೆಯ ಮೇಲೆ ಕಾಣದ್ದು ಗೋಡೆ ಎದ್ದ ಮೇಲೆ ಕಾಣುತ್ತದೆ.

ಪ್ಲಾಸ್ಟರ್‌ಗೆ ಮುಂಚೆ ಕೇಳಿದ್ದರೆ ಪೈಪು, ಬಾಕ್ಸು, ವೈರಿನ ಖರ್ಚಷ್ಟೇ. ಈಗ ಮಷೀನಿನಲ್ಲಿ ಗೋಡೆ ಕೊಯ್ಯಬೇಕು, ಪೈಪ್ ಕೂರಿಸಬೇಕು, ಮೆಶ್ ಹೊಡೆದು ಗಾರೆ ತುಂಬಬೇಕು, ನೀರು ಹಾಕಬೇಕು. ಆತುರಪಟ್ಟು ಹಸಿ ಗಾರೆಯ ಮೇಲೆ ಪುಟ್ಟಿ ಎಳೆದರೆ ಪೈಪ್ ಹೋದ ದಾರಿಯುದ್ದಕ್ಕೂ ಕೂದಲೆಳೆಯಂಥ ಬಿರುಕು ಬರುತ್ತದೆ. ಆಗ ಪೇಂಟ್ ಮಾಡಿದ ಗೋಡೆಯನ್ನು ಮತ್ತೆ ಕೆರೆಯಬೇಕಾಗುತ್ತದೆ.

ನಾನು ಅಲ್ಲೇ ನಿಂತು, “ಅಮ್ಮಾ, ಮಿಕ್ಸಿ ಪ್ಲಗ್ ಇಲ್ಲಿದ್ದರೆ ನಿಮಗೆ ಅನುಕೂಲ, ನಿಜ. ಇವು 62ರ ಆಚೆಗಿನವು. ಸಂಜೆಯೊಳಗೆ ಲೆಕ್ಕ ಕಳಿಸ್ತೀನಿ, ನೋಡಿ ಹೇಳಿ,” ಎಂದೆ. ‘ನೋಡೋಣ’ ಅನ್ನಲಿಲ್ಲ. ನಾವು ‘ನೋಡೋಣ’ ಅಂದದ್ದು ಓನರ್ ಕಿವಿಗೆ ‘ಆಯ್ತು’ ಎಂದೇ ಬೀಳುತ್ತದೆ. ಸಂಜೆ ಯಜಮಾನರಿಗೆ ವಾಟ್ಸಾಪ್ ಕಳಿಸಿದೆ:

“ನಮಸ್ತೆ ಸರ್. ಇವತ್ತು ಅಮ್ಮ ಗುರುತು ಹಾಕಿದ 11 ಪಾಯಿಂಟ್‌ಗಳ ಫೋಟೋ ಕಳಿಸಿದ್ದೇನೆ. ಪಾಯಿಂಟ್‌ಗೆ 850ರಂತೆ 9,350. ಗೋಡೆ ಕೊಯ್ದು ಮುಚ್ಚುವ ಕೂಲಿ 3,400. ಗಾರೆ, ಮೆಶ್ 1,250. ಒಟ್ಟು 14,000 ರೂ. ಪುಟ್ಟಿ ಕೆಲಸ 7 ದಿನ ಮುಂದಕ್ಕೆ ಹೋಗುತ್ತದೆ, ಗೃಹಪ್ರವೇಶದ ತಾರೀಖಿಗೆ ತೊಂದರೆಯಿಲ್ಲ. ಅಡುಗೆಮನೆಯ 4 ಮಾತ್ರ ಮಾಡಿಸಿದರೆ 5,200 ರೂ., 4 ದಿನ. ಯಾವುದು ಮಾಡಲಿ? ಗುರುವಾರದೊಳಗೆ ತಿಳಿಸಿದರೆ ಪೇಂಟರ್‌ಗೆ ದಿನ ಹೇಳುತ್ತೇನೆ.”

ಇದರಲ್ಲಿ ‘ಕ್ಷಮಿಸಿ’ ಇಲ್ಲ, ‘ನಮಗೂ ಲಾಸ್ ಆಗುತ್ತೆ ಸರ್’ ಇಲ್ಲ. ನಮ್ಮ ಕಷ್ಟ ಹೇಳಿಕೊಳ್ಳಲು ಶುರು ಮಾಡಿದ ತಕ್ಷಣ ಮಾತು ಗೋಡೆಯಿಂದ ನಮ್ಮ ಪ್ರಾಮಾಣಿಕತೆಯ ಕಡೆಗೆ ತಿರುಗುತ್ತದೆ. ಅಲ್ಲಿಂದಲೇ ಜಗಳ.

ಯಜಮಾನರು ಫೋನ್ ಮಾಡಿ, “ಇಷ್ಟು ದೊಡ್ಡ ಕೆಲಸ ಕೊಟ್ಟಿದ್ದೀನಿ, ಇದೊಂದು ಸೇರಿಸಿ ಮಾಡ್ಕೊಡಿ” ಎಂದರು. ಈ ಮಾತು ಬಂದೇ ಬರುತ್ತದೆ. “ಸರ್, ಹಾಲ್‌ನ ಎರಡು ಬಾಕ್ಸ್ ಜಾಗ ಬದಲಿಸಿದ್ದು ಪ್ಲಾಸ್ಟರ್‌ಗೆ ಮುಂಚೆ, ಅದಕ್ಕೆ ದುಡ್ಡು ಹಿಡಿದಿಲ್ಲ. ಹೆಚ್ಚುವರಿ ಕೆಲಸದ ಪಟ್ಟಿಯಲ್ಲಿ ಸೊನ್ನೆ ಅಂತ ಬರೆದಿದ್ದೇನೆ. ಇದರಲ್ಲಿ ಮೆಟೀರಿಯಲ್ಲೂ ಕೂಲಿಯೂ ಹೊರಗೆ ಹೋಗುತ್ತೆ. 14,000ಕ್ಕಿಂತ ಕಡಿಮೆಯಲ್ಲಿ ಮುಗಿಸಬೇಕಂದ್ರೆ ಯಾವುದನ್ನಾದರೂ ಬಿಡೋಣ,” ಎಂದು ಹೇಳಿ ಸುಮ್ಮನಾದೆ. ಆ ಮೌನದಲ್ಲಿ ನಾನೇ ಸಾವಿರ ಇಳಿಸಿದ್ದರೆ ಮೊದಲು ಕೊಟ್ಟ ಲೆಕ್ಕವೇ ಸುಳ್ಳಾಗುತ್ತಿತ್ತು. ಮರುದಿನ ಅಡುಗೆಮನೆಯ ನಾಲ್ಕು, ಮಂಚದ ಹತ್ತಿರದ ಎರಡು ಸಾಕು ಎಂದರು. ಆರಕ್ಕೆ ಲೆಕ್ಕ ಮತ್ತೆ ಕಳಿಸಿದೆ, ‘ಓಕೆ’ ಎಂದು ಬಂತು.

ಪುಕ್ಕಟೆ ಮಾಡಿಕೊಟ್ಟದ್ದನ್ನೂ ಬರೆದಿಡುವುದು ಇದಕ್ಕೇ. ಬರೆಯದೆ ಮಾಡಿಕೊಟ್ಟದ್ದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ, ಮುಂದಿನದಕ್ಕೆ ದುಡ್ಡು ಕೇಳಿದರೆ ‘ಆಗ ಮಾಡಿದ್ರಲ್ಲ’ ಅನ್ನುತ್ತಾರೆ. ಇನ್ನೊಂದು ಕಡೆಯಿಂದಲೂ ಕೆಲಸ ಸೋರುತ್ತದೆ. ಓನರ್ ಭಾವಮೈದ ಸೈಟಿಗೆ ಬಂದು ನೇರವಾಗಿ ಎಲೆಕ್ಟ್ರಿಷಿಯನ್‌ಗೆ ಹೇಳಿ ಮಾಡಿಸುತ್ತಾನೆ. ಅದಕ್ಕೇ ‘ಯಾರೇ ಹೇಳಿದರೂ ಮೊದಲು ನನಗೊಂದು ಫೋನ್’ ಎಂದು ಮೇಸ್ತ್ರಿಗೆ ಮೊದಲ ದಿನವೇ ಹೇಳಿರುತ್ತೇನೆ. ಇಲ್ಲದಿದ್ದರೆ ಇವೆಲ್ಲ ಕೊನೆಯ ಬಿಲ್ಲಿನಲ್ಲಿ ಒಟ್ಟಿಗೆ ಹೊರಬರುತ್ತವೆ. ಆಗ ಎಷ್ಟು ಮೆತ್ತಗೆ ಹೇಳಿದರೂ ಓನರ್‌ಗೆ ಮೋಸವೆಂದೇ ಕಾಣುತ್ತದೆ.

ಲೆಕ್ಕ ಕಳಿಸುವ ಮುಂಚೆ, ಬಿಟ್ಟವನು ನಾನೇ ಇರಬಹುದೇ ಎಂದು ನಕ್ಷೆಯನ್ನೊಮ್ಮೆ ತೆಗೆದು ನೋಡುತ್ತೇನೆ. ಅದೇ ಮನೆಯಲ್ಲಿ ಮೇಲಿನ ಬಚ್ಚಲಿಗೆ ಗೀಸರ್ ಪಾಯಿಂಟೇ ಇರಲಿಲ್ಲ. ಅದನ್ನು ಬಿಟ್ಟವನು ನಾನು. ಓನರ್ ಕೇಳಿದಾಗ ಗೋಡೆ ಕೊಯ್ಸಿ ಹಾಕಿಸಿದೆ, ಪಟ್ಟಿಯಲ್ಲಿ ‘ನಮ್ಮ ತಪ್ಪು, ಸೊನ್ನೆ’ ಎಂದು ಬರೆದೆ.